ರಾಹುಕಾಲಕ್ಕೆ ಮುಂಚೆ ಕಿತ್ತ ಪೆನ್ ಡ್ರೈವ್

ಗದಗ ಮಾರುಕಟ್ಟೆಗೆ ಹೊಸ ಉಳ್ಳಾಗಡ್ಡಿ ಬರಲು ಶುರುವಾಗಿತ್ತು. ಚೀಲ ಹೊತ್ತ ಟ್ರ್ಯಾಕ್ಟರುಗಳು ಹಾಯ್ದಾಗಲೆಲ್ಲ ಕಳಕೇಶನ ಪ್ರೆಸ್ಸಿಗೆ ಧೂಳು ನುಗ್ಗಿ ಹಸಿ ಶಾಯಿಯ ಮೇಲೆ ಕೂರುತ್ತಿತ್ತು. ಹಿಂದಿನ ಕೋಣೆಯಲ್ಲಿ ಮಷೀನು ಬೀಜದಂಗಡಿಯ ರಸೀದಿ ಅಚ್ಚು ಹಾಕುತ್ತಿತ್ತು. ಮುಂದೆ ಮಾಲೀಕ ಕಳಕೇಶ ಕೂತು ಲಕ್ಷ್ಮೇಶ್ವರದ ಜೆರಾಕ್ಸ್ ಅಂಗಡಿಯವನನ್ನು ಬಯ್ಯುತ್ತಿದ್ದ.

"ಡಬ್ಬಿ ಅಂಗಡ್ಯಾಗ ಕುಂತು ಟೈಪ್ ಹೊಡ್ಯಾವರು ಪುಸ್ತಕ ಮಾಡಾಕ ನಿಂತ್ರ ಹಿಂಗ ಆಗತೈತಿ. ಆ ಜಾಹೀದಗ ನಿನ್ನಿನ ಹೇಳಿ ಬಂದೀನಿ, ಅವನ ಗಿರಾಕಿ ಮುಂದನ. ನೀ ಜೆರಾಕ್ಸ್ ತಿರುವಕೋಂತ ಇರು, ನಿನಗಷ್ಟ ಸಾಕು ಅಂತ."

ಬೆಂಚಿನ ಮೇಲೆ ಮಲ್ಲಸಮುದ್ರದ ಸುಮಿತ್ರವ್ವ ಕೂತಿದ್ದಳು. ತೀರಿಹೋದ ಅತ್ತೆ ಹಾಡುತ್ತಿದ್ದ ಬೀಸುವ ಪದಗಳನ್ನು ತವರೂರು ಲಕ್ಷ್ಮೇಶ್ವರದಲ್ಲಿ ಜಾಹೀದನಿಂದ ಟೈಪು ಮಾಡಿಸಿದ್ದಳು. ಸೋಮವಾರ ಅತ್ತೆಯ ವರ್ಷದ ಪುಣ್ಯಸ್ಮರಣೆ. ಊಟಕ್ಕೆ ಬಂದವರ ಕೈಗೆ ಪುಸ್ತಕ ಕೊಡಬೇಕು. ಫೈಲು ತರಲು ನಿನ್ನೆ ಕಳಕೇಶನೇ ಹೋಗಿದ್ದ. ಈಗ ಪಿಡಿಎಫ್ ತೆರೆಯುತ್ತಲೇ ಇರಲಿಲ್ಲ.

ಕಂಪ್ಯೂಟರಿನ ಮುಂದಿದ್ದ ಅನೀಸ ತಿರುಗಿದಳು. ಬೇರೆ ಪ್ರೆಸ್ಸಿನವರೂ ಕರೆಯುವ ಕೈ ಅವಳದು. ಅದು ಅವಳಿಗೂ ಗೊತ್ತಿತ್ತು.

"ಸಾವ್ಕಾರ್ರ, ನಿನ್ನೆ ಪೆನ್ ಡ್ರೈವ್ ಯಾರು ತೆಗದ್ರಿ?"

"ನಾನ. ಯಾಕ?"

"ಕಾಪಿ ಮುಗದಿತ್ತೇನ್ರಿ?"

"ಹಸರು ಗೆರಿ ಕಡೀಕ ಬಂದಿತ್ತು. ರಾಹುಕಾಲ ಹತ್ತತಿತ್ತು, ಅದರೊಳಗ ಹೊಸ್ತಿಲ ದಾಟಬೇಕಿತ್ತು."

"ದಾಟಿದ್ರಿ. ಪುಸ್ತಕದ ಅರ್ಧ ಹೊಸ್ತಿಲದಾಗ ಉಳೀತು."

ಕಳಕೇಶ ಎದ್ದು ಬಂದು ಪರದೆಗೆ ಬೆರಳು ಬಡಿದ. "ಏನರ ಬೊಗಳಬ್ಯಾಡ. ಸೈಜ್ ನೋಡು, ಅವ ಚೀಟ್ಯಾಗ ಬರದುಕೊಟ್ಟಷ್ಟ ಐತಿ. ಕಡಿಮಿ ಎಲ್ಲೈತಿ?"

"ಚೀಲದ ಅಳತಿ ಸರಿ ಐತ್ರಿ, ಒಳಗ ಕಾಳಿಲ್ಲ. ಕಾಪಿ ಮಾಡೂಮುಂದ ಮೊದಲ ಜಾಗಾ ಹಿಡಿತೈತಿ, ಆಮ್ಯಾಲ ತುಂಬತೈತಿ. ತುಂಬೂದರಾಗ ನೀವು ಕಿತ್ರಿ." ಅವಳು ಕಡತದ ಒಳಗನ್ನು ಅಂಕಿಗಳಲ್ಲಿ ತೋರಿಸುವ ಕಿಟಕಿ ತೆರೆದು ಕೆಳಗೆ ಸರಿಸಿದಳು. ಅರ್ಧದಿಂದ ಮುಂದೆ ಸಾಲುಸಾಲು ಸೊನ್ನೆ. "ಯಾವ ಪುಟ ಎಲ್ಲೈತಿ ಅನ್ನೂ ಪಟ್ಟಿ ಪಿಡಿಎಫ್ ಕಡೀಕ ಇರತೈತಿ. ಅದನ ಇಲ್ಲ. ಅದಕ್ಕ ತೆರ್ಯಾಕ ವಲ್ಲದು."

"ಮತ್ತ ರಿಪೇರಿ ಮಾಡು. ಪಗಾರ ಯಾತಕ್ಕ ಕೊಡತೀನಿ?"

ಅನೀಸ ಫೈಲಿನ ನಕಲು ತೆಗೆದು, ಮೂಲವನ್ನು ಮುಟ್ಟದೆ, ನಕಲಿನ ಮೇಲೆ ರಿಪೇರಿ ಸಾಫ್ಟ್‌ವೇರ್ ಓಡಿಸಿದಳು. ಅದು ಮೊದಲಿನಿಂದ ಹುಡುಕುತ್ತ, ಸಿಕ್ಕ ತುಣುಕುಗಳಿಗೆ ಹೊಸ ಪಟ್ಟಿ ಕಟ್ಟಿತು. ಪುಸ್ತಕ ತೆರೆಯಿತು. ರಕ್ಷಾಪುಟ, ಅತ್ತೆಯ ಫೋಟೊ, ಮೊದಲ ಪದಗಳು ಎಲ್ಲ ಇದ್ದವು. ನಡುವಿಗೆ ಬಂದು ಪುಟಗಳು ನಿಂತುಹೋದವು.

"ನೋಡು, ಬಂತಲ್ಲ!" ಕಳಕೇಶ ತನ್ನದೇ ಪರಾಕ್ರಮವೆಂಬಂತೆ ನಕ್ಕ. "ಇಷ್ಟ ಹಾಕೂಣು. ಉಳದ ಹಾಳಿಗೆ ಬಳ್ಳಿ ಹೂವು ಚಿತ್ರಾ ಹಾಕಿದ್ರಾತು. ಹೋಳಿಗಿ ಉಣ್ಣಾಕ ಬಂದಾವರು ಬೀಸೂ ಪದಾ ಓದ್ತಾರೇನು?"

ಸುಮಿತ್ರವ್ವ ಸೆರಗು ಬಿಗಿದು ಎದ್ದಳು. "ಕಡೀ ಪದ ಎಲ್ಲೈತಿ?"

"ಯಾವುದಾದ್ರೇನಬೇ, ಎಲ್ಲಾ ಒಂದ ಧಾಟಿ."

"ಅದರಾಗ ನನ್ನ ಹೆಸರೈತಿ. ಇದ್ದಾಗ ನನ್ನ ಹೆಸರು ಹಿಡದು ಕರದಾಕಿ ಅಲ್ಲ ಆಕಿ. ಒಂದ ಪದದಾಗ ಹಿಡದಾಳ. ಅದನ್ನ ಬಿಟ್ಟು ಹೂವು ಹಾಕ್ತಿ? ಹೂವು ನಿನ್ನ ಅಂಗಡಿ ಬೋರ್ಡಿಗೆ ಹಾಕ್ಕೋ." ಅನೀಸಳ ಕಡೆ ತಿರುಗಿದಳು. "ಇನ್ನೂ ರಿಪೇರಿ ಆಗೂದಿಲ್ಲೇನವಾ?"

"ಇಲ್ರಿ ಅವ್ವಾರ. ಕಾಪಿನ ಆಗದ್ದನ್ನ ಯಾವ ಸಾಫ್ಟ್‌ವೇರ್ ತರತೈತಿ? ಆದ್ರ ಜಾಹೀದನ ಕಂಪ್ಯೂಟರದಾಗ ಅಸಲಿ ಹಂಗ ಇರತೈತಿ. ಒಂದು ಫೋನ್ ಹಚ್ಚಿದ್ರ ಮುಗೀತು."

"ನಾ ಹಚ್ಚೂದಿಲ್ಲ," ಎಂದ ಕಳಕೇಶ. "ಆ ಜೆರಾಕ್ಸಿನವಗ ಫೋನ್ ಮಾಡಿ ಬೇಡ್ಲೇನು?"

"ಬ್ಯಾಡ ಬಿಡು. ಮಾನ ಸಣ್ಣದಿತ್ತಂದ್ರ ಜ್ವಾಕಿ ಮಾಡಬೇಕಾಗತೈತಿ," ಎಂದು ಸುಮಿತ್ರವ್ವ ತಾನೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಕೌಂಟರಿನ ಮೇಲಿಟ್ಟಳು.

ಜಾಹೀದ ಎಲ್ಲ ಕೇಳಿ ಗಟ್ಟಿಯಾಗಿ ನಕ್ಕ. "ಅವ್ವಾರ, ನಾ 'ತಡೀರಿ, ತಡೀರಿ' ಅನ್ನೂದರಾಗ ಮಾಲಕರು ಪೆನ್ ಡ್ರೈವ್ ಕಿತ್ತಕೊಂಡು ಹೋದ್ರು. ಫೈಲ್ ಈಗ ಕಳಸ್ತೀನಿ, ನಿಮ್ಮ ಸಲುವಾಗಿ. ಮಾಲಕರು ನನ್ನ ಗಿರಾಕಿ ಮುಂದ ಆಡಿದ ಮಾತು ಹೊಳ್ಳಿ ತಗೋಬೇಕು. ಒಂದ ಮಾತು. ಅದು ಅವರ ಕಡೆ ಬಾಕಿ."

ಕಳಕೇಶ ರಸೀದಿಯ ಹಾಳೆಗಳನ್ನು ಎಣಿಸುವವನಂತೆ ತಿರುವಿದ.

ಫೈಲು ಬಂತು. ಅನೀಸ ಕೊನೆಯ ಪುಟದವರೆಗೆ ಒಂದೊಂದಾಗಿ ಸರಿಸಿ ನೋಡಿದಳು. ಸುಮಿತ್ರವ್ವ ಕನ್ನಡಕ ಏರಿಸಿ, ಕಡೆಯ ಪದದಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಸಂಜೆಯೊಳಗೆ ಅಚ್ಚಿನ ಪ್ಲೇಟು ಸಿದ್ಧವಾಯಿತು. ಸೋಮವಾರ ಮಲ್ಲಸಮುದ್ರದಲ್ಲಿ ಹೋಳಿಗೆಯ ಜೊತೆ ಇಡೀ ಪುಸ್ತಕ ಹಂಚಿಕೆಯಾಯಿತು.

ಫೈಲು ಬಂದ ದಿನವೇ ಅನೀಸ ಕೇಳಿದ್ದಳು: "ಜಾಹೀದಗ ಏನಂತ ಬರೀಲ್ರಿ?"

"ಮುಟ್ಟೇತಿ ಅಂತ ಬರಿ."

"ಅಷ್ಟನ?"

"ಅಷ್ಟ," ಎಂದು ಕಳಕೇಶ ಗೋಡೆಯ ಪಂಚಾಂಗದಲ್ಲಿ ನಾಳೆಯ ರಾಹುಕಾಲ ನೋಡತೊಡಗಿದ.