ಒಂದೇ ವಯಸ್ಸಿನ ಎರಡು ಡ್ರೈವ್‌ಗಳು

ನಮ್ಮ ಕಣ್ಣಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸರ್ವರ್ ಇದೆ. ಅದರ ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡುತ್ತೇನೆ. ರೋಗಿಗಳ ಕಣ್ಣಿನ ಒಳಪದರದ ಚಿತ್ರಗಳೆಲ್ಲ ಅದರ ಎರಡು ಡ್ರೈವ್‌ಗಳಲ್ಲಿವೆ. ಅವನ್ನು ಕಾಯುವುದೇ ನನ್ನ ಕೆಲಸ.

ಡ್ರೈವ್ ತಯಾರಿಸಿದ ಕಂಪನಿಯಿಂದ ಒಂದು ಇಮೇಲ್ ಬಂತು. ನಮ್ಮಲ್ಲಿರುವ ಮಾದರಿಯ ಎಸ್‌ಎಸ್‌ಡಿ ಡ್ರೈವ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಡ್ರೈವನ್ನು ನಡೆಸುವ ಅದರದೇ ಪುಟ್ಟ ತಂತ್ರಾಂಶದಲ್ಲಿ, ಒಂದು ದೋಷವಿದೆಯಂತೆ. ಓಡಿದ ಒಟ್ಟು ಅವಧಿ ನಲವತ್ತು ಸಾವಿರ ಗಂಟೆ ಮುಟ್ಟಿದರೆ ಡ್ರೈವ್ ನಿಂತೇ ಹೋಗುತ್ತದೆ. ಒಳಗಿದ್ದದ್ದು ಮರಳಿ ಸಿಗುವುದಿಲ್ಲ. ಅದಕ್ಕೆ ಮೊದಲೇ ಹೊಸ ಫರ್ಮ್‌ವೇರ್ ಹಾಕಿಕೊಳ್ಳಿ ಎಂದಿತ್ತು. ನಮ್ಮ ಡ್ರೈವ್‌ಗಳ ಗಂಟೆ ನೋಡಿದೆ. ಹೆಚ್ಚೆಂದರೆ ಎರಡು ವಾರ ಉಳಿದಿತ್ತು.

ಸರ್ವರ್ ಕೂಡಿಸಿಕೊಟ್ಟವನು ನನ್ನ ಮೈದುನ. ಅವನಿಗೆ ಫೋನ್ ಮಾಡಿದೆ.

“ಅತ್ತಿಗೆ, ಓಡ್ತಿರೋ ಗಾಡಿಯ ಬಾನೆಟ್ ಎತ್ತಬೇಡಿ ಅಂತ ಹೇಳಿದ್ದೆನಲ್ಲ. ಹೊಸ ಫರ್ಮ್‌ವೇರ್ ಬಂತು ಅಂತ ಹಾಕೋಕೆ ಹೋಗಿ ಎಷ್ಟು ಜನ ಡ್ರೈವ್ ಕೊಂದಿದ್ದಾರೆ ಗೊತ್ತಾ?”

“ಗೊತ್ತಪ್ಪ, ಅದಕ್ಕೇ ಇಷ್ಟು ವರ್ಷ ಮುಟ್ಟಿಲ್ಲ. ಆದರೆ ಇದು ನಮ್ಮ ಮಾದರಿಗೇ ಇರೋ ಕಾಯಿಲೆಗೆ ಮದ್ದು. ಇಮೇಲ್ ಕಳಿಸಿದೀನಿ, ಓದು.”

ಓದಿದ. “ಆಯ್ತು, ಒಂದು ಹೋದ್ರೂ ಇನ್ನೊಂದಿದೆಯಲ್ಲ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರೋ ಹಾಗೆ ಜೋಡಿ ಮಾಡಿದೀನಿ.”

“ಎರಡನ್ನೂ ಒಂದೇ ದಿನ ಹಾಕಿದೀಯ. ಎರಡರ ಗಂಟೆಯೂ ಒಂದೇ. ಹೋದ್ರೆ ಕೈ ಕೈ ಹಿಡ್ಕೊಂಡೇ ಹೋಗ್ತವೆ.”

“ಅಯ್ಯೋ, ಅವಳಿ ಮಕ್ಕಳು” ಎಂದ.

ದಿನವೂ ಆಗುವ ಬ್ಯಾಕಪ್‌ನಲ್ಲಿ ಇದ್ದದ್ದು ಹೆಸರು ಮತ್ತು ವರದಿಗಳು ಮಾತ್ರ. ಚಿತ್ರಗಳು ಭಾರಿ ಗಾತ್ರದವು. ಹೇಗೂ ಎರಡು ಡ್ರೈವ್‌ಗಳಲ್ಲಿವೆ ಎಂದು ಬಿಟ್ಟಿದ್ದೆವು.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸೋಮವಾರ ಗಡಿಯಾರ ರಿಪೇರಿಯವರು ಕಣ್ಣು ತೋರಿಸೋಕೆ ಬರ್ತಾರೆ. ಅವರ ಎಡಗಣ್ಣಿನೊಳಗೆ ಒಂದು ಕಪ್ಪು ಮಚ್ಚೆ. ಬೆಳೆದಿದ್ರೆ ಚಿಕಿತ್ಸೆ, ಇಲ್ದಿದ್ರೆ ಸುಮ್ಮನೆ ನೋಡ್ತಿರಬೇಕು. ಹಳೇ ಚಿತ್ರ ಇಲ್ದೆ ನಾನು ಹೇಗಮ್ಮ ಹೇಳ್ಲಿ?”

ಭಾನುವಾರ ಆಸ್ಪತ್ರೆಗೆ ರಜೆ. ಮೈದುನ ಬರುವ ಹೊತ್ತಿಗೆ ಚಿತ್ರಗಳನ್ನೆಲ್ಲ ಹೊರಗಿನ ದೊಡ್ಡ ಡ್ರೈವ್‌ಗೆ ನಕಲು ಮಾಡಿ ಮುಗಿಸಿದ್ದೆ. ಅದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಅಲ್ಲೊಂದು ಇಲ್ಲೊಂದು ಚಿತ್ರ ತೆರೆದು ನೋಡಿದೆ. ಎಡಗಣ್ಣಿನ ಮಚ್ಚೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಎದ್ದೆ.

“ಎರಡಕ್ಕೂ ಒಟ್ಟಿಗೇ ಹಾಕ್ಬಿಡೋಣ. ಒಂದೇ ಕ್ಲಿಕ್” ಎಂದ.

“ಬೇಡ. ಒಂದಕ್ಕೆ ಹಾಕಿ, ನೆಟ್ಟಗಿದೆ ಅಂತ ಗೊತ್ತಾದ ಮೇಲೆ ಇನ್ನೊಂದು.”

“ಹೆದರೋದರಲ್ಲಿ ಡಾಕ್ಟರೇಟ್ ಕೊಡ್ಬೇಕು ನಿಮಗೆ.”

“ಕೊಡು, ಚೌಕಟ್ಟು ಹಾಕಿಸ್ತೀನಿ. ಮೊದಲು ಯುಪಿಎಸ್ ಬ್ಯಾಟರಿ ನೋಡು.”

ಫರ್ಮ್‌ವೇರ್ ಬರೆಯುವ ಮಧ್ಯೆ ವಿದ್ಯುತ್ ಹೋದರೆ ಡ್ರೈವ್‌ಗೆ ಅರ್ಧ ಬುದ್ಧಿಯಷ್ಟೇ ಉಳಿದು, ಮತ್ತೆ ಏಳದೇ ಹೋಗಬಹುದು. ಬ್ಯಾಟರಿ ಸರಿಯಿತ್ತು. ಮೊದಲ ಡ್ರೈವ್‌ನ ಕೆಲಸ ಮುಗಿಯಿತೆಂದು ಪರದೆ ಹೇಳಿತು. ಮೈದುನ ರೀಸ್ಟಾರ್ಟ್ ಒತ್ತಿದ.

ಸರ್ವರ್ ಎದ್ದಾಗ ಅದರಲ್ಲಿ ಒಂದೇ ಡ್ರೈವ್ ಕಾಣುತ್ತಿತ್ತು, ಹಳೆಯ ಫರ್ಮ್‌ವೇರಿನದು.

ಅವನು ಕೀಬೋರ್ಡಿನತ್ತ ಬಾಗಿದ. “ಸತ್ತೋಯ್ತು ಅತ್ತಿಗೆ. ಇನ್ನೊಂದಕ್ಕೂ ಬೇಗ ಹಾಕ್ಬಿಡ್ಲಾ?”

“ಕೈ ತೆಗಿ ಕೀಬೋರ್ಡ್ ಮೇಲಿಂದ.”

ಕಂಪನಿಯ ಸೂಚನೆಗಳನ್ನು ಮೊದಲಿನಿಂದ ಮತ್ತೆ ಓದಿದೆ. ಅಪ್‌ಡೇಟ್ ಆದ ಮೇಲೆ ರೀಸ್ಟಾರ್ಟ್ ಸಾಲದು, ಯಂತ್ರವನ್ನು ಪೂರ್ತಿ ಆರಿಸಿ ವಿದ್ಯುತ್ ಕಡಿಯಬೇಕು ಎಂದಿತ್ತು. ರೀಸ್ಟಾರ್ಟ್‌ನಲ್ಲಿ ಡ್ರೈವ್‌ಗೆ ಹೋಗುವ ವಿದ್ಯುತ್ ನಿಲ್ಲುವುದೇ ಇಲ್ಲ.

ಸರ್ವರ್ ಆರಿಸಿ ವೈರ್ ಕಿತ್ತೆವು. ಫ್ಯಾನ್ ನಿಂತಿತು. ಇಷ್ಟು ವರ್ಷಗಳಲ್ಲಿ ಆ ಕೋಣೆಯ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಮೇಜಿನ ಮೇಲಿದ್ದ ನಕಲಿನ ಡ್ರೈವ್ ಮೇಲೆ ಅಂಗೈ ಇಟ್ಟು ನಿಂತೆ. ಸರ್ವರ್ ಏಳದಿದ್ದರೆ ಖರ್ಚು, ತಲೆನೋವು, ಚಿತ್ರಗಳಂತೂ ಹೋಗುವುದಿಲ್ಲ.

ವೈರ್ ಮತ್ತೆ ಚುಚ್ಚಿ ಸರ್ವರ್ ಹಾಕಿದಾಗ ಎರಡೂ ಡ್ರೈವ್ ಕಂಡವು. ಮೊದಲನೆಯದರ ಪಕ್ಕದಲ್ಲಿ ಹೊಸ ಆವೃತ್ತಿಯ ಸಂಖ್ಯೆಯಿತ್ತು.

“ಬಂತು! ಬಂತು ಅತ್ತಿಗೆ! ಎರಡನೇದು ಹಾಕ್ಲಾ?”

“ತಡಿ. ಮಧ್ಯೆ ಇದು ಇಲ್ಲದೆ ಸರ್ವರ್ ಎದ್ದಿದ್ರಿಂದ ಜೋಡಿ ತಪ್ಪಿದೆ. ಇನ್ನೊಂದರಲ್ಲಿರೋದೆಲ್ಲ ಇದಕ್ಕೆ ಮತ್ತೆ ಬರೆದು ಮುಗೀಲಿ.”

“ನನ್ನ ಅಣ್ಣ ನಿಮ್ಮ ಜೊತೆ ಹೇಗೆ ಬಾಳ್ತಾನೆ?”

“ಬ್ಯಾಕಪ್ ಇಟ್ಕೊಂಡು.”

ಜೋಡಿ ಕೂಡಿದ ಮೇಲೆ ಎರಡನೆಯದಕ್ಕೂ ಹಾಕಿ, ಈ ಸಲ ರೀಸ್ಟಾರ್ಟ್ ಒತ್ತದೆ, ಸರ್ವರ್ ಆರಿಸಿ ವಿದ್ಯುತ್ ಕಡಿದೆವು. ಅದೂ ಎದ್ದಿತು.

ಸೋಮವಾರ ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ತೆರೆದು ಬಹಳ ಹೊತ್ತು ನೋಡಿದರು. ಗಡಿಯಾರದವರು ಮಂಡಿಯ ಮೇಲೆ ಕೈಯೂರಿ ಕುಳಿತಿದ್ದರು.

“ಒಂದಿಷ್ಟೂ ಬೆಳೆದಿಲ್ಲ. ಚಿಕಿತ್ಸೆ ಬೇಡ ಯಜಮಾನರೆ.”

“ಹಾಗಾದ್ರೆ ಕೆಲಸ ಮಾಡ್ಬಹುದಾ ತಾಯಿ?”

“ಧಾರಾಳವಾಗಿ. ಮುಂದಿನ ವರ್ಷ ಬನ್ನಿ, ಈ ಎರಡರ ಪಕ್ಕ ಮೂರನೇದು ಇಟ್ಟು ನೋಡೋಣ.”

ನಾನು ಹಿಂದಿನ ಕೋಣೆಗೆ ಹೋದೆ. ಆ ದಿನದ ಚಿತ್ರ ಹೊರಗಿನ ಡ್ರೈವ್‌ಗೆ ಇನ್ನೂ ನಕಲಾಗಬೇಕಿತ್ತು.