ಅಕ್ಕನ ಕೋಣೆಯ ಗಾಳಿ

ಮನೆ ಕಟ್ಟುವಾಗ ಚಪ್ಪಲಿ ಬಿಡುವುದಕ್ಕೂ ಜಾಗ ಯೋಚಿಸುತ್ತಾರೆ. ಇನ್ವರ್ಟರಿನ ಬ್ಯಾಟರಿಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಕೊನೆಗೆ ನನ್ನನ್ನು ಕರೆದು, "ಎಲ್ಲಾದ್ರೂ ಒಂದು ಮೂಲೇಲಿ ಇಟ್ಬಿಡಿ, ಕಣ್ಣಿಗೆ ಕಾಣಬಾರದು ಅಷ್ಟೇ" ಅನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಈ ಮಾತಿಗೆ ಜಗಳವಾಡಿಕೊಂಡೇ ಬಂದಿದ್ದೇನೆ. ನನ್ನ ಬಾಯಿಗೆ ಹೆದರಿ ಗಿರಾಕಿಗಳು ಕಪಾಟು ಖಾಲಿ ಮಾಡಿಕೊಟ್ಟಿದ್ದಾರೆ. ಒಂದೇ ಒಂದು ಮನೆಯಲ್ಲಿ ಜಗಳವಾಡದೆ ತಲೆಯಾಡಿಸಿಬಿಟ್ಟೆ. ಆ ಮನೆಯಿಂದಲೇ ಮತ್ತೆ ಫೋನ್ ಬಂತು.

"ಕರೆಂಟ್ ಮಾವ, ಬದುಕಿದೀರಾ?"

ಆ ಮನೆಯ ಕಿರಿಯ ಹುಡುಗಿಯ ದನಿ. ಮೂರು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಅವಳ ಅಕ್ಕನೂ ಹಾಗೆಯೇ ಮಾತಾಡುತ್ತಿದ್ದಳು.

"ನಂಗೂ ಮೆಷಿನ್ ಬಂತು. ಮಲಗುವಾಗ ಹಾಕ್ಕೋಬೇಕಂತೆ. ಬ್ಯಾಟರಿ ಇಡೋಕೆ... ಜಾಗ ನೋಡಬೇಕು. ನೀವೇ ಬನ್ನಿ. ಬೇರೆಯವರಿಗೆ ನಮ್ಮಮ್ಮನ ಹತ್ತಿರ ಏಗೋಕಾಗಲ್ಲ."

ಆ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಕಾಯಿಲೆ. ಕೈಕಾಲಿನ ಸ್ನಾಯು ಒಂದೊಂದಾಗಿ ಸೋಲುತ್ತದೆ, ಕೊನೆಗೆ ಉಸಿರೆಳೆಯುವ ಸ್ನಾಯುವೂ ಸೋಲುತ್ತದೆ. ಆಗ ಮುಖಕ್ಕೆ ಮಾಸ್ಕ್ ಕಟ್ಟಿ ಮೆಷಿನ್ನೇ ಉಸಿರು ಊದಬೇಕು. ಕರೆಂಟ್ ಹೋದರೆ ಬ್ಯಾಟರಿಯೇ ಗತಿ. ದೊಡ್ಡವಳು ಎರಡು ವರ್ಷದ ಹಿಂದೆ, ಇಪ್ಪತ್ತೊಂದನೇ ವಯಸ್ಸಿಗೆ, ಒಂದು ಬಿರುಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿದ್ದಾಗ ತೀರಿಕೊಂಡಳು. ಆಗ ಅಲ್ಲಿದ್ದದ್ದು ನಾನು ಕೂರಿಸಿದ ಬ್ಯಾಟರಿ.

ಇನ್ವರ್ಟರ್ ಆರಿಹೋಗುವ ಮುಂಚೆ ಒಂದೇ ಸಮನೆ ಉದ್ದಕ್ಕೆ ಕೂಗುತ್ತದೆ. ಆ ದಿನ ಅದು ಕೂಗಿದ್ದನ್ನು ಪಕ್ಕದ ಮನೆಯವರು ಕೇಳಿದ್ದರಂತೆ. ನಾನು ಊರ ಇನ್ನೊಂದು ತುದಿಯಲ್ಲಿದ್ದೆ. ಆದರೂ ನಾನು ಕೇಳೇ ಇರದ ಆ ಕೂಗು ಎರಡು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. ಲಾರಿ ಹಿಂದಕ್ಕೆ ತೆಗೆಯುವಾಗ ಕೇಳುತ್ತದೆ. ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕೂತಾಗ ಕೇಳುತ್ತದೆ. ಹೆಂಡತಿ, "ಏನ್ರೀ, ಯಾರಾದ್ರೂ ಕರೆದ ಹಾಗೆ ಎದ್ದು ನಿಲ್ತೀರಲ್ಲ?" ಅಂದರೆ ಏನು ಹೇಳಲಿ?

ಹೋದೆ. ತಾಯಿ ಬಾಗಿಲು ತೆಗೆದು, "ಬನ್ನಿ ಅಣ್ಣಾ" ಅಂದರು. ಆ 'ಅಣ್ಣಾ' ಎದೆಗೆ ಚುಚ್ಚಿತು. ಅವರ ಯಜಮಾನರು ದೂರದೂರಿಗೆ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆ ಪೂರ್ತಿ ಈಕೆಯ ತಲೆಯ ಮೇಲೆ.

ನನ್ನದೊಂದು ಪದ್ಧತಿ ಇದೆ. ಜಾಗ ನೋಡಿದ ಕೂಡಲೇ ಬಾಯಿಬಿಡುವುದಿಲ್ಲ. ಹೆಚ್ಚೆಂದರೆ ಎಷ್ಟು ಸೆಕೆ ಏರಿತು ಅಂತ ತೋರಿಸುವ ಥರ್ಮಾಮೀಟರುಗಳಿವೆ. ಒಂದೊಂದು ಜಾಗದಲ್ಲಿ ಒಂದೊಂದನ್ನು ಇಟ್ಟು, ಒಂದು ಹಗಲು ಕಳೆದ ಮೇಲೆ ಬಂದು ನೋಡುತ್ತೇನೆ. ಮಹಡಿಯ ಮೇಲಿನ ತಗಡಿನ ಶೆಡ್ಡಿನಲ್ಲಿ ಒಂದು ಇಟ್ಟೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು. ಮೂರನೆಯದನ್ನು ಹಿಡಿದು, ಪಡಸಾಲೆಯಲ್ಲಿ ಮೇನ್ ಬೋರ್ಡಿನ ಪಕ್ಕದ ಮುಚ್ಚಿದ ಬಾಗಿಲ ಮುಂದೆ ನಿಂತೆ.

"ಅದು ಬೇಡ," ಅಂದರು ತಾಯಿ.

"ಬರೀ ನೋಡ್ತೀನಿ ಅಮ್ಮ."

"ನೋಡಿ. ನೋಡೋಕೇನು."

ದೊಡ್ಡವಳ ಕೋಣೆ. ಮಂಚ ಹಾಗೇ ಇತ್ತು. ದಿಂಬಿನಲ್ಲಿ ತಲೆಯ ಗುಳಿ ಕೂಡ ಹಾಗೇ ಇತ್ತು. ದಿನವೂ ಕಸ ಗುಡಿಸುವ ತಾಯಿ ಆ ಗುಳಿಯನ್ನು ಮಾತ್ರ ಮುಟ್ಟಿರಲಿಲ್ಲ. ಗೋಡೆಯಲ್ಲಿ ಮಾಸ್ಕ್ ನೇತುಹಾಕುತ್ತಿದ್ದ ಮೊಳೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೆ ಕೆಲಸ ಬಿಡುವ ಹಾಗೂ ಇರಲಿಲ್ಲ. ಥರ್ಮಾಮೀಟರನ್ನು ಮೂಲೆಯಲ್ಲಿಟ್ಟೆ. ತೆಳುಕಾಗದದ ಒಂದು ಪಟ್ಟಿ ಹರಿದು, ಸ್ಟೂಲ್ ಹತ್ತಿ, ಸೂರಿನ ಹತ್ತಿರದ ಗವಾಕ್ಷಿಗೆ ಹಿಡಿದೆ. ಗಾಳಿ ಎತ್ತ ಓಡುತ್ತದೆ ಅಂತ ನೋಡುವುದಕ್ಕೆ. ಕಾಗದ ಹೊರಕ್ಕೆ ಬಾಗಿತು, ಮೆಲ್ಲಗೆ ವಾಪಸ್ ಬಂತು, ಮತ್ತೆ ಬಾಗಿತು.

ಹಿಂದಿನಿಂದ ತಾಯಿ ಪಿಸುಗುಟ್ಟಿದರು. "ಉಸಿರಾಡ್ತಿದೆ."

"ಗಾಳಿ ಅಮ್ಮ. ಕೆಳಗಿನ ಕಿಟಕಿಯಿಂದ ಬಂದು ಮೇಲಿಂದ ಹೋಗ್ತಿದೆ," ಅಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ.

ಮಾರನೇ ದಿನ ಸಂಜೆ ಹೋಗಿ ಮೂರೂ ಥರ್ಮಾಮೀಟರ್ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹುಡುಗಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. "ಮೂರು ಜನಕ್ಕೂ ಜ್ವರಾನಾ ಮಾವ?" ಅಂದಳು. ಒಬ್ಬನಿಗಂತೂ ವಿಪರೀತ ಜ್ವರ. ತಗಡಿನ ಶೆಡ್ಡು ನಲವತ್ತೇಳು. ಮೆಟ್ಟಿಲ ಕೆಳಗೆ ಮೂವತ್ತಾರು. ಅಕ್ಕನ ಕೋಣೆ ಇಪ್ಪತ್ತೊಂಬತ್ತು.

"ಮೆಟ್ಟಿಲ ಕೆಳಗೇ ಇಡಿ," ಅಂದರು ತಾಯಿ.

"ಆಗಲ್ಲ. ಈ ಬ್ಯಾಟರಿ ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತೆ. ಹಗುರ ಗ್ಯಾಸ್, ಮೇಲಕ್ಕೇರುತ್ತೆ. ಆ ಗೂಡಿಗೆ ಒಂದು ತೂತೂ ಇಲ್ಲ. ಅಲ್ಲೇ ತುಂಬ್ಕೊಳ್ಳುತ್ತೆ. ಆಚೆ ಪಕ್ಕ ನಿಮ್ಮ ಒಲೆ. ಒಂದು ಕಿಡಿ ಸಾಕು. ಅದೂ ಅಲ್ದೆ, ಇವಳ ಕುರ್ಚಿ ಹೊರಗೆ ಹೋಗೋದು ಅದೇ ದಾರೀಲಿ."

"ಹಾಗಾದ್ರೆ ಇವಳ ಕೋಣೇಲೇ, ಮಂಚದ ಪಕ್ಕ."

"ಉಸಿರಿಗೆ ಕಷ್ಟಪಡೋ ಮಗು ಮಗ್ಗುಲಲ್ಲಿ ಆಸಿಡ್ ಇಡ್ತೀರಾ? ಚೆನ್ನಾಗಿದೆ!"

ರೇಗಿದೆ. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುತ್ತಿದ್ದೆ ಅಂತ ನನಗೆ ಗೊತ್ತಿತ್ತು. ದನಿ ತಗ್ಗಿಸಿ ಹೇಳಿದೆ. ಅಕ್ಕನ ಕೋಣೆಯೇ ಸರಿ. ತಂಪಿದೆ. ಗಾಳಿ ಕೆಳಗೆ ಒಳಬಂದು ಮೇಲೆ ಹೊರಹೋಗುತ್ತದೆ. ಅಲ್ಲಿ ಯಾರೂ ಮಲಗುವುದಿಲ್ಲ. ಇನ್ವರ್ಟರ್ ಪಡಸಾಲೆಯಲ್ಲಿ, ಗೋಡೆಯ ಈಚೆ. ಅದರ ಕಿಡಿ ಗ್ಯಾಸಿನ ಹತ್ತಿರ ಸುಳಿಯುವುದಿಲ್ಲ. ನಡುವೆ ಒಂದೂವರೆ ಮೀಟರ್ ಕೇಬಲ್, ಅಷ್ಟೇ.

"ಆ ಕೋಣೆ ಬೇಡ ಅಂದ್ನಲ್ಲ. ಅವಳ ವಸ್ತು ಒಂದೂ ಕದಲಿಸಲ್ಲ ನಾನು. ಹೋದ ಸಲದ ಹಾಗೆ ಮಹಡಿ ಮೇಲೆ ಇಡಿ. ಅಲ್ಲೇ ಇತ್ತಲ್ಲ, ಏನಾಗಿತ್ತು ಅದಕ್ಕೆ?"

ಏನಾಗಿತ್ತು ಅದಕ್ಕೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕತ್ತಿಗೆ ಹೋಯಿತು. ಈಗ 'ಆಯ್ತು' ಅಂದುಬಿಟ್ಟರೆ ಬ್ಯಾಟರಿ ಮೇಲೆ ಹೋಗುತ್ತದೆ, ನನ್ನ ಮಾನ ಉಳಿಯುತ್ತದೆ. ಎದುರಿಗೆ ಆ ಹುಡುಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು.

"ಅಮ್ಮಾ, ಅವತ್ತು ಬ್ಯಾಟರಿ ಖಾಲಿ ಆಗಿರಲಿಲ್ಲ," ಅಂದೆ.

ಶುರುಮಾಡಿದ ಮೇಲೆ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಮೇಲಿನ ಶೆಡ್ಡಿನ ಸೆಕೆಗೆ ಬ್ಯಾಟರಿ ಬೇಗ ಮುದಿಯಾಯಿತು. ಅಲ್ಲಿಂದ ಕೆಳಗಿನ ಇನ್ವರ್ಟರಿಗೆ ಹತ್ತು ಮೀಟರ್ ದಾರಿ. ಅಷ್ಟು ದೂರಕ್ಕೆ ದಪ್ಪ ಕೇಬಲ್ ಬೇಕಿತ್ತು. ಆ ದಿನ ನನ್ನ ಚೀಲದಲ್ಲಿ ಇದ್ದದ್ದು ಸಣ್ಣದು. 'ಸದ್ಯಕ್ಕೆ ನಡೆಯುತ್ತೆ, ಆಮೇಲೆ ಬದಲಾಯಿಸೋಣ' ಅಂತ ಎಳೆದುಬಿಟ್ಟೆ. ಆ 'ಆಮೇಲೆ' ಬರಲೇ ಇಲ್ಲ. ಹನ್ನೆರಡು ವೋಲ್ಟಿನಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಬ್ಯಾಟರಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಆದರೆ ತನಗೆ ತಲುಪಿದ್ದನ್ನು ಅಳೆದುಕೊಂಡ ಇನ್ವರ್ಟರ್, ಖಾಲಿ ಆಯಿತೆಂದು ತಿಳಿದು ಆರಿಹೋಯಿತು. ನಲವತ್ತು ನಿಮಿಷಕ್ಕೆ.

"ಮಾರನೇ ದಿನ, ಕರೆಂಟ್ ಇನ್ನೂ ಬಂದಿರದಾಗಲೇ, ನಾನೇ ಮೇಲೆ ಹೋಗಿ ಮೀಟರ್ ಹಿಡಿದು ನೋಡ್ದೆ. ಇನ್ನೂ ಎರಡು ಗಂಟೆಯಷ್ಟು ಇತ್ತು. ಕೆಳಗೆ ಬಂದು ನಿಮಗೆ 'ಬ್ಯಾಟರಿ ಹಳೇದಾಗಿತ್ತು, ಬೇಗ ಖಾಲಿ ಆಯ್ತು' ಅಂತ ಸುಳ್ಳು ಹೇಳ್ದೆ."

ತಾಯಿ ಮೇಜಿನ ಅಂಚು ಹಿಡಿದುಕೊಂಡರು. "ಫ್ಯಾನು?" ಅಂದರು.

"ಏನಮ್ಮ?"

"ಮಗು ಬೆವರ್ತಿತ್ತು. ಫ್ಯಾನ್ ಹಾಕಿ, ಔಷಧಿ ತರೋಕೆ ಹೋದೆ. ವಾಪಸ್ ಬರೋಷ್ಟರಲ್ಲಿ... ಆ ಫ್ಯಾನೇ ಬ್ಯಾಟರಿ ತಿಂದು ಹಾಕ್ತು ಅಂತ..." ಅವರು ನನ್ನ ಕಡೆ ತಿರುಗಿದರು. "ಎರಡು ವರ್ಷದಿಂದ ನನ್ನ ಮಗಳನ್ನ ನಾನೇ ಕೊಂದೆ ಅಂತ ಅಂದ್ಕೊಂಡಿದೀನಿ. ಆ ಮಂಚದ ಕಾಲು ಹಿಡ್ಕೊಂಡು ದಿನಾ ತಪ್ಪಾಯ್ತು ಅಂತ ಕೇಳ್ತಿದೀನಿ!"

ದೇವರೇ. ನನ್ನೊಬ್ಬನದೇ ಸಂಕಟ ಅಂದುಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡ ಒಂದೊಂದು ದಿನವೂ ಈ ಹೆಂಗಸು ನನ್ನ ಪಾಪ ಹೊತ್ತಿದ್ದಳು.

"ಫ್ಯಾನ್ ಲೆಕ್ಕ ಸೇರಿಸೇ ಬ್ಯಾಟರಿ ಕೊಟ್ಟಿದ್ದೆ. ಫ್ಯಾನ್ ತಿರುಗಿದ್ರೂ ನಾಲ್ಕು ಗಂಟೆ ಬರಬೇಕಿತ್ತು. ತಪ್ಪು ನಿಮ್ಮದಲ್ಲ ಅಮ್ಮ. ನಂದು."

"ಗೊತ್ತಿದ್ದೂ ಬಾಯಿ ಬಿಡಲಿಲ್ಲವೇನೋ ನೀನು?"

ನೀವು ಹೋಗಿ ನೀನು ಆಯಿತು, ಅಣ್ಣ ಅನ್ನುವುದು ಎಲ್ಲೋ ಬಿತ್ತು. ಸರಿಯೇ. ನನ್ನ ಅಂಗಿ ಹಿಡಿದು ಜಗ್ಗಿದರು, ಎದೆಗೆ ಎರಡು ಗುದ್ದಿದರು. ನಿಂತೇ ಇದ್ದೆ. ಆಮೇಲೆ ಕೈಸೋತು, ನೆಲದ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತರು.

ಕಿರಿಯವಳು ತನ್ನ ಕುರ್ಚಿಯನ್ನು ತಾನೇ ತಳ್ಳಿಕೊಂಡು ಹತ್ತಿರ ಬರಲು ನೋಡಿದಳು. ಕೈಯಲ್ಲಿ ಕಸುವಿರಲಿಲ್ಲ. "ಅಮ್ಮಾ," ಅಂದಳು. ಉಸಿರೆಳೆದುಕೊಂಡಳು. "ನಾನು ಬದುಕಬೇಕಮ್ಮ. ಕೋಣೆ... ಕೊಡು."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ಆ ಕೋಣೆಗೆ ಹೋದರು. ದಿಂಬನ್ನು ಎತ್ತಿ ಎದೆಗಿಟ್ಟುಕೊಂಡಾಗ ಅದರ ಗುಳಿ ಮುಚ್ಚಿಹೋಯಿತು. "ಮಂಚದ ಆ ಕಡೆ ಹಿಡ್ಕೋ," ಅಂದರು ನನಗೆ. "ನೀನೇ ಮಾಡು ಈ ಕೆಲಸ. ಬೇರೆಯವನನ್ನ ಕಳಿಸಿದ್ರೆ ಜೋಕೆ. ತಿಂಗಳಿಗೊಮ್ಮೆ ನೀನೇ ಬಂದು, ಇದೇ ಕೋಣೇಲಿ ನಿಂತು ಬ್ಯಾಟರಿ ನೀರು ನೋಡಬೇಕು. ಸಾಯೋವರೆಗೂ."

"ಬರ್ತೀನಿ," ಅಂದೆ.

ನೆಲದಿಂದ ಒಂದು ಗೇಣು ಎತ್ತರಕ್ಕೆ ಸ್ಟ್ಯಾಂಡ್ ಹಾಕಿ ಎರಡು ಹೊಸ ಬ್ಯಾಟರಿ ಕೂರಿಸಿದೆ. ಮಧ್ಯೆ ಗಾಳಿಗೆ ಸಂದು ಬಿಟ್ಟೆ, ನೀರು ತುಂಬಲು ಮೇಲೆ ಜಾಗ ಬಿಟ್ಟೆ. ದಪ್ಪ ಕೇಬಲ್. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಗೋಡೆಯ ತೂತಿನ ಸುತ್ತ ಗಾರೆ ಮೆತ್ತಿದೆ, ಗ್ಯಾಸು ಈಚೆ ಬಾರದ ಹಾಗೆ. ನಾನು ಗೋಡೆ ಕೊರೆಯುವಾಗ ತಾಯಿ ಕಿವಿ ಮುಚ್ಚಿಕೊಂಡಿದ್ದರು. ಆದರೆ ಹೊರಗೆ ಹೋಗಲಿಲ್ಲ.

ಪೂರ್ತಿ ಚಾರ್ಜ್ ಆದ ಮೇಲೆ ಪರೀಕ್ಷೆ. ಮಧ್ಯಾಹ್ನವೇ ಆಗಬೇಕು ಅಂತ ತಾಯಿ ಹಟ ಹಿಡಿದರು. ಕಿರಿಯವಳನ್ನು ಅವಳ ಕೋಣೆಯಲ್ಲಿ ಮಲಗಿಸಿ ಮಾಸ್ಕ್ ಕಟ್ಟಿದೆವು. ಫ್ಯಾನನ್ನು ತಾಯಿಯೇ ಹಾಕಿದರು. ನಾನು ಮೇನ್ ಸ್ವಿಚ್ ಇಳಿಸಿದೆ. ಮೆಷಿನ್ ಒಂದು ಕ್ಷಣವೂ ತಡವರಿಸಲಿಲ್ಲ.

ಮಂಚದ ಆಚೆ ಈಚೆ ಕೂತೆವು. ಹತ್ತು ನಿಮಿಷ. ಇಪ್ಪತ್ತು. ಮೂವತ್ತೈದರ ಹೊತ್ತಿಗೆ ನನ್ನ ಕಿವಿಯಲ್ಲಿ ಆ ಕೂಗು ಶುರುವಾಯಿತು, ಉದ್ದಕ್ಕೆ, ಬಿಡದೆ. ಓಡಿಹೋಗಿ ಪಡಸಾಲೆಯಲ್ಲಿ ಇನ್ವರ್ಟರ್ ನೋಡಿದೆ. ಹಸಿರು ದೀಪ. ಸದ್ದಿಲ್ಲ. ಬಂದು ಕೂತೆ. ಮತ್ತೆ ಓಡಿದೆ. ತಾಯಿ ಮಾತ್ರ ಮಗಳ ಎದೆಯಿಂದ ಕಣ್ಣು ಕೀಳಲಿಲ್ಲ.

ನಲವತ್ತು ಆಯಿತು. ನಲವತ್ತೊಂದು. ಎದೆ ಏರಿತು, ಇಳಿಯಿತು. ನಲವತ್ತೆರಡು. ಹುಡುಗಿಗೆ ನಿದ್ದೆ ಹತ್ತಿತ್ತು.

ತಾಯಿ ತಿರುಗಿ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇಷ್ಟೇನಾ?" ಅಂದರು. "ಇಷ್ಟೇ ಸಾಕಾಗಿತ್ತಾ?"