ನೂರ ಇಪ್ಪತ್ತನಾಲ್ಕು ಕುರಿ

ಜಯಶೀಲಾ ಮತ್ತು ಹನುಮೇಶ್ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇಬ್ಬರೂ ಪಶುವೈದ್ಯ ವಿಜ್ಞಾನಿಗಳು, ಒಂದೇ ಕುರಿ ಸಂಶೋಧನಾ ಸಂಸ್ಥೆಯ ನೌಕರರು. ಆಕೆ ಚಿತ್ರದುರ್ಗದ ಮುಖ್ಯ ಕಚೇರಿಯಲ್ಲಿ, ಆತ ಹೊಸದುರ್ಗದ ಉಪಕೇಂದ್ರದಲ್ಲಿ. ಒಮ್ಮೆ ತಿಂಗಳ ಸಭೆಯಲ್ಲಿ ಜಯಶೀಲಾ ತನ್ನ ವರದಿ ಓದಿ ಮುಗಿಸಿದಾಗ ಹನುಮೇಶ್ ಎಲ್ಲರೆದುರು, "ಇದನ್ನ ಓದೋದಕ್ಕಿಂತ ರೊಪ್ಪದಾಗೆ ಹಿಕ್ಕೆ ಬಳಿಯಾದು ವಾಸಿ" ಅಂದಿದ್ದ. ಆತ ಯಲ್ಲದಕೆರೆಯ ಕುರಿ ಸಾಕುವವರ ಮನೆಯವನು, ಕುರಿದೊಡ್ಡಿಯ ಹಿಕ್ಕೆ ಬಳಿದು ಬಲ್ಲವನು. ಸಭೆ ನಕ್ಕಿತು. ಜಯಶೀಲಾ, "ಬಳೀರಿ, ಅದಾದ್ರೂ ನಿಮಗೆ ನೆಟ್ಟಗೆ ಬರ್ತೈತೆ" ಅಂದಳು. ಸಭೆ ಮತ್ತೂ ನಕ್ಕಿತು. ಇಬ್ಬರ ನಡುವಿನ ಮಾತು ಅಲ್ಲಿಗೆ ಮುಗಿಯಿತು.

ಇಂಥ ಇಬ್ಬರನ್ನು ಒಂದೇ ಕೆಲಸಕ್ಕೆ ಜೋಡಿ ಮಾಡಿದವರು ಯೋಜನೆಯ ಮುಖ್ಯಸ್ಥ ಗುರುರಾಜ್. ಕುರಿಗಳಿಗೆ ಕೊಡುವ ಜಂತಿನ ಔಷಧಗಳ ಬಗ್ಗೆ ಅದುವರೆಗೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಸೋಸಿ, ಒಟ್ಟು ಫಲಿತಾಂಶ ಏನೆಂದು ಹೇಳುವ ಸಿಸ್ಟಮ್ಯಾಟಿಕ್ ರಿವ್ಯೂ ಅದು. ಅದರ ನಿಯಮ ಮೊದಲೇ ಬರೆದು ನೋಂದಾಯಿಸಲಾಗಿತ್ತು: ಪ್ರತಿ ಸಂಶೋಧನಾ ಪ್ರಬಂಧದಿಂದಲೂ ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಅಂಕಿಅಂಶ ತೆಗೆದು ಒಂದೇ ನಮೂನೆಯ ಫಾರಂನಲ್ಲಿ ತುಂಬಬೇಕು. ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಇಬ್ಬರೂ ಕೂತು, ಪ್ರಬಂಧ ತೆರೆದು, ಚರ್ಚಿಸಿ ತೀರ್ಮಾನಿಸಬೇಕು. ಆಗಲೂ ಬಗೆಹರಿಯದಿದ್ದರೆ ಮಾತ್ರ ಮೂರನೆಯವರು. ಆ ಮೂರನೆಯವರು ಗುರುರಾಜ್.

"ಒಬ್ರ ಮುಖ ಒಬ್ರು ನೋಡಲ್ಲ. ಕಾಪಿ ಹೊಡೆಯೋ ಭಯವೇ ಇಲ್ಲ ನೋಡ್ರಿ" ಎಂದು ಗುರುರಾಜ್ ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು. ಅವರಿಗೆ ತಮ್ಮ ಮಾತಿಗೆ ತಾವೇ ನಗುವ ಅಭ್ಯಾಸವಿತ್ತು. ಬೇರೆಯವರು ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಫಾರಂ ಸಿದ್ಧವಾದ ಮೇಲೆ ನಾಲ್ಕು ಪ್ರಬಂಧಗಳ ಮೇಲೆ ಅದನ್ನು ಪರೀಕ್ಷಿಸಿ ನೋಡಿದ್ದರು. ಮರಿಗಳ ವಯಸ್ಸನ್ನು ಒಬ್ಬರು ದಿನದಲ್ಲಿ, ಇನ್ನೊಬ್ಬರು ತಿಂಗಳಲ್ಲಿ ಬರೆದದ್ದು ಆಗ ಸಿಕ್ಕಿಬಿತ್ತು. ತೂಕ ಯಾವ ವಾರದ್ದು ಬರೆಯಬೇಕೆಂಬ ಸೂಚನೆಯನ್ನೂ ಸೇರಿಸಿದರು. ಫಾರಂ ಗಟ್ಟಿಯಾಯಿತೆಂದು ಎಲ್ಲರೂ ಒಪ್ಪಿದರು. ಇಬ್ಬರೂ ತಂತಮ್ಮ ಊರಲ್ಲಿ ಕೂತು ಉಳಿದ ಪ್ರಬಂಧಗಳನ್ನು ತುಂಬತೊಡಗಿದರು.

ತುಂಬಿದ ಹಾಳೆಗಳು ಹಿರಿಯೂರಿನಲ್ಲಿದ್ದ ಅಂಕಿಸಂಖ್ಯಾ ತಜ್ಞೆ ದೀಪಾಳಿಗೆ ಹೋಗುತ್ತಿದ್ದವು. ಆಕೆ ಎರಡನ್ನೂ ಹೋಲಿಸಿ, ತಾಳೆಯಾಗದ ಮನೆಗಳಿಗೆ ಕೆಂಪು ಬಳಿದು ಇಬ್ಬರಿಗೂ ವಾಪಸ್ಸು ಕಳಿಸಿದಳು. ಮುಂದಿನದು ಚರ್ಚೆ. ಚರ್ಚೆ ಎಂದರೆ ಫೋನ್ ಮಾಡಬೇಕು. ಜಯಶೀಲಾ ಮಾಡಲಿಲ್ಲ. ಇಂಥವನ ಜೊತೆ ಚರ್ಚಿಸುವುದಕ್ಕಿಂತ ಗೋಡೆಯ ಜೊತೆ ಮಾತಾಡುವುದು ಮೇಲು ಎಂದುಕೊಂಡಳು. ಹನುಮೇಶನೂ ಮಾಡಲಿಲ್ಲ. ಇಬ್ಬರೂ ಪ್ರತಿ ಕೆಂಪು ಮನೆಯ ಎದುರೂ 'ಒಮ್ಮತವಿಲ್ಲ' ಎಂದು ಬರೆದು ಗುರುರಾಜರಿಗೆ ದಾಟಿಸಿಬಿಟ್ಟರು.

ಗುರುರಾಜ್ ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಬಗೆಹರಿಸಿ ಕಳಿಸಿದರು. ಜಯಶೀಲಾ ಅಂತಿಮ ಕಾಲಂ ತೆರೆದು, ಮೊದಲು ತನ್ನ ಅಂಕಿ ಎಷ್ಟು ಕಡೆ ಗೆದ್ದಿದೆ ಎಂದು ನೋಡಿದಳು. ಗೆದ್ದಿರಲಿಲ್ಲ. ಹನುಮೇಶನದೂ ಗೆದ್ದಿರಲಿಲ್ಲ. ಒಂದು ಪ್ರಬಂಧದ ಎದುರು, ಒಟ್ಟು ಸಂಖ್ಯೆ ಎಂಬಲ್ಲಿ, ನೂರ ಇಪ್ಪತ್ತನಾಲ್ಕು ಎಂದಿತ್ತು. ಆಕೆ ಪ್ರಬಂಧವನ್ನು ಮೊದಲಿಂದ ಕೊನೆಯವರೆಗೆ ಜಾಲಾಡಿದಳು. ನೂರ ಇಪ್ಪತ್ತನಾಲ್ಕು ಎಲ್ಲೂ ಇಲ್ಲ. ತಾನು ಬರೆದದ್ದು ಇನ್ನೂರ ನಲವತ್ತು, ಹನುಮೇಶ್ ಬರೆದದ್ದು ಎಂಟು. ಎರಡನ್ನೂ ಕೂಡಿಸಿ ಅರ್ಧ ಮಾಡಿದಳು. ಲೆಕ್ಕ ಸರಿಬಿತ್ತು.

ಆಕೆ ನೇರ ಅವರ ಕೊಠಡಿಗೆ ಹೋದಳು.

"ಸಾರ್, ಈ ನೂರ ಇಪ್ಪತ್ತನಾಲ್ಕು ಕುರಿ ಯಾವ ಪ್ರಯೋಗದಾಗೂ ಇಲ್ಲ."

"ಇಬ್ರೂ ನಮ್ಮವ್ರೇ ಅಲ್ಲೇನಮ್ಮ? ನಿನ್ನದನ್ನ ತಗಂಡ್ರೆ ಅವನಿಗೆ ಬೇಜಾರು, ಅವನ್ದು ತಗಂಡ್ರೆ ನಿನಗೆ ಬೇಜಾರು. ಅದಕ್ಕೆ ನಡುವಿಂದು ಹಾಕ್ದೆ. ಸರಾಸರಿ ಅಂದ್ರೆ ನ್ಯಾಯ ಅಲ್ವಾ?" ಗುರುರಾಜ್ ನಕ್ಕರು.

"ಎಲ್ಲ ಕಡೆನೂ ಹಿಂಗೇ ಮಾಡೀರಾ?"

"ಅಂಕಿ ಇರೋ ಕಡೆ. ಹೌದು-ಅಲ್ಲ ಇರೋ ಕಡೆ ಒಂದ್ಸಲ ನಿನ್ನದು, ಒಂದ್ಸಲ ಅವನ್ದು."

ಜಯಶೀಲಾ ಆ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷದ ಸರ್ವಿಸು, ಗೋಡೆಯ ತುಂಬ ಸನ್ಮಾನದ ಶಾಲುಹೊದ್ದ ಫೋಟೋ, ಈ ಬುದ್ಧಿ. ಎರಡು ವರ್ಷದಿಂದ ತನ್ನ ತಾತ್ಸಾರವನ್ನೆಲ್ಲ ಹೊಸದುರ್ಗಕ್ಕೆ ಮೀಸಲಿಟ್ಟಿದ್ದು ದಂಡವಾಯಿತಲ್ಲ ಎನಿಸಿತು ಆಕೆಗೆ. ಆದರೆ ಇನ್ನೊಂದೂ ಹೊಳೆಯಿತು. ರಿವ್ಯೂ ಅಚ್ಚಾದಾಗ ಅದರಲ್ಲಿ 'ವ್ಯತ್ಯಾಸಗಳನ್ನು ಚರ್ಚೆಯಿಂದ ಬಗೆಹರಿಸಲಾಯಿತು' ಎಂದಿರುತ್ತದೆ, ಕೆಳಗೆ ತನ್ನ ಹೆಸರಿರುತ್ತದೆ. ಚರ್ಚೆ ನಡೆದೇ ಇಲ್ಲ.

ಹೊರಗೆ ಬಂದು ಹನುಮೇಶನಿಗೆ ಫೋನ್ ಮಾಡಿದಳು. "ಗುರುರಾಜ್ ಅವರ ಕಾಲಂ ನೋಡಿದ್ರಾ?"

"ನೋಡ್ದೆ. ಲೆಕ್ಕ ಬರದವ್ನು ಕೂಡ ಹಂಗೆ ಮಾಡಲ್ಲ" ಅಂದ. "ಬರ್ರಿ ಇಲ್ಲಿಗೆ. ಪ್ರಬಂಧ ಎಲ್ಲ ತಗಂಡು ಬರ್ರಿ."

"ನೀವೇ ಬರ್ಬೋದಿತ್ತು."

"ಇಲ್ಲಿ ಮರಿ ಹಾಕೋ ಕುರಿ ಅವೆ ಮೇಡಂ. ನಿಮ್ಮ ಕಚೇರೀಲಿ ಏನೈತೆ, ಫ್ಯಾನು."

ಮರುದಿನ ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಆಕೆ ದಾರಿಯುದ್ದಕ್ಕೂ ಬೈಗುಳ ಕಟ್ಟಿದಳು. ಉಪಕೇಂದ್ರದ ಕೊಠಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಹನುಮೇಶ್ "ಕುಂತ್ಕಳ್ರಿ" ಅಂದ, ನೀರು ಕೊಡಲಿಲ್ಲ. ಆಕೆಯೂ ಕೇಳಲಿಲ್ಲ.

ಮೊದಲ ಕೆಂಪು ಮನೆಗೆ ಆಕೆ ಬೆರಳಿಟ್ಟಳು. ಔಷಧ ಕೊಟ್ಟ ಇಪ್ಪತ್ತೈದು ಮರಿಗಳ ತೂಕ ಎಷ್ಟು ಏರಿತು ಎಂಬ ಕೋಷ್ಟಕ. ಸರಾಸರಿಯ ಮುಂದೆ ೦.೪ ಎಂದಿತ್ತು. ಹನುಮೇಶ್ ಅದನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ ಎಂದು ತುಂಬಿದ್ದ. ಆಕೆ ತುಂಬಿದ್ದು ೨.

"ಕೋಷ್ಟಕದ ಕೆಳಗೆ ಸಣ್ಣಕ್ಷರದಾಗೆ ಏನೈತೆ ಓದ್ರಿ."

ಆತ ಓದಿದ. ಸ್ಟ್ಯಾಂಡರ್ಡ್ ಎರರ್ ಎಂದಿತ್ತು.

"ಮರಿಮರಿಗೂ ತೂಕ ಎಷ್ಟು ಹೆಚ್ಚುಕಮ್ಮಿ ಐತೆ ಅನ್ನೋದು ಡೀವಿಯೇಶನ್ನು. ಸರಾಸರಿನ ಎಷ್ಟು ನಂಬಬೋದು ಅನ್ನೋದು ಎರರ್ರು. ಇಪ್ಪತ್ತೈದರ ವರ್ಗಮೂಲ ಐದು, ಎರರ್ರನ್ನ ಐದರಿಂದ ಗುಣಿಸಿದ್ರೆ ಡೀವಿಯೇಶನ್ನು ಎರಡು. ನೀವು ೦.೪ ಹಾಕಿದ್ರೆ ಈ ಸಣ್ಣ ಪ್ರಯೋಗ ಭಾರಿ ಕರಾರುವಾಕ್ಕು ಅಂತ ಆಗಿ, ಉಳಿದವನ್ನೆಲ್ಲ ತುಳಿದು ಕುಂತ್ಕತೈತೆ. ಗುರುರಾಜ್ ಎರಡನ್ನೂ ಕೂಡಿಸಿ ೧.೨ ಹಾಕವ್ರೆ. ನಿಮ್ಮ ತಪ್ಪಿಗೆ ಅರ್ಧ ಪ್ರಸಾದ."

ಹನುಮೇಶ್ ಮುಖ ಗಂಟಿಕ್ಕಿ ತನ್ನ ಅಂಕಿ ಹೊಡೆದುಹಾಕಿ ೨ ಬರೆದ. ಕಾರಣವನ್ನೂ ಪಕ್ಕದಲ್ಲಿ ಬರೆದ. ಇನ್ನೆರಡು ಕಡೆ ಇದೇ ತಪ್ಪು. ಒಂದು ಪ್ರಬಂಧವನ್ನಂತೂ ಆತ ಸಾರಾಂಶ ಓದಿಯೇ ತುಂಬಿದ್ದ. ಜಯಶೀಲಾಳಿಗೆ ಬೈಯುವ ಅಗತ್ಯವೇ ಬೀಳಲಿಲ್ಲ, ಸುಮ್ಮನೆ ಪುಟ ತಿರುವಿ ಆತನ ಮುಂದೆ ತಳ್ಳುತ್ತಿದ್ದಳು. ಅದು ಬೈಗುಳಕ್ಕಿಂತ ರುಚಿಯಾಗಿತ್ತು.

ರುಚಿ ಬಹಳ ಹೊತ್ತು ಉಳಿಯಲಿಲ್ಲ. ಐದನೆಯ ಪ್ರಬಂಧಕ್ಕೆ ಬಂದಾಗ ಹನುಮೇಶ್ ಆಕೆಯ ಹಾಳೆಯನ್ನು ತನ್ನತ್ತ ಎಳೆದುಕೊಂಡ.

"ಇಲ್ಲಿ ಔಷಧ ಕುಡಿಸಿದ ಕುರಿ ಸೊರಗಿ, ಕುಡಿಸದೇ ಇರೋವು ಕೊಬ್ಬಿದಾವಲ್ಲ ಮೇಡಂ. ಯಾವ ಔಷಧನೋ ಇದು?"

ಆಕೆ ನೋಡಿದಳು. ಎರಡು ಗುಂಪುಗಳ ಅಂಕಿಯನ್ನು ಅದಲು ಬದಲು ತುಂಬಿದ್ದಳು. ಪ್ರಬಂಧದಲ್ಲಿ ಔಷಧವಿಲ್ಲದ ಗುಂಪು ಎಡಕ್ಕಿತ್ತು, ಫಾರಂನಲ್ಲಿ ಬಲಕ್ಕೆ. ಆತ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ತಿದ್ರಿ" ಎಂದು ಪೆನ್ನು ಉರುಳಿಸಿದ, ಅಷ್ಟೆ.

ಕೊನೆಗೆ ಇನ್ನೂರ ನಲವತ್ತು ಮತ್ತು ಎಂಟರ ಪ್ರಬಂಧ ಬಂತು.

"ಕುರಿ ಇನ್ನೂರ ನಲವತ್ತು. ಎಂಟು ಎಲ್ಲಿಂದ ತಂದ್ರಿ?" ಅಂದಳು.

"ಮಂದೆ ಎಂಟು. ಯಾವುದಕ್ಕೆ ಔಷಧ ಅಂತ ಚೀಟಿ ಎತ್ತಿದ್ದು ಮಂದೆಗೆ, ಕುರಿಗಲ್ಲ. ಒಂದು ಮಂದೆಯವು ಒಂದೇ ಹುಲ್ಲು ಮೇಯ್ತಾವೆ, ಒಂದೇ ಕಡೆ ಜಂತು ಹಿಡಿಸ್ಕತಾವೆ. ಮೂವತ್ತು ಕುರಿ ಅಂದ್ರೆ ಮೂವತ್ತು ಬೇರೆ ಬೇರೆ ಸಾಕ್ಷಿ ಅಲ್ಲ ಅವು."

ಜಯಶೀಲಾ ಫಾರಂ ಎತ್ತಿಕೊಂಡಳು. 'ಒಟ್ಟು ಸಂಖ್ಯೆ' ಎಂಬ ಒಂದೇ ಮನೆ. ಯಾವುದರ ಸಂಖ್ಯೆ ಎಂದಿರಲಿಲ್ಲ.

"ಪರೀಕ್ಷೆಗೆ ತಗೊಂಡ ನಾಲ್ಕೂ ಪ್ರಬಂಧ ಒಂದೊಂದೇ ಮಂದೆಯೊಳಗೆ ನಡೆದ ಪ್ರಯೋಗ," ಅಂದಳು ನಿಧಾನವಾಗಿ. "ಅಲ್ಲಿ ಚೀಟಿ ಎತ್ತಿದ್ದು ಕುರಿಗೇ. ಅದಕ್ಕೆ ಸಿಕ್ಕಿಬೀಳಲಿಲ್ಲ. ತಪ್ಪು ನಂದೂ ಅಲ್ಲ, ನಿಮ್ಮದೂ ಅಲ್ಲ. ಪ್ರಶ್ನೆಯದ್ದು."

"ನಂದಲ್ಲ ಅಂತ ನಾನು ಆಗ್ಲೇ ಹೇಳ್ದೆ."

ಫಾರಂನಲ್ಲಿ ಎರಡು ಮನೆ ಮಾಡಬೇಕು, ಹಂಚಿದ್ದು ಎಷ್ಟು ಮಂದೆ, ಒಟ್ಟು ಎಷ್ಟು ಕುರಿ. ಮುಗಿದ ಪ್ರಬಂಧಗಳನ್ನೆಲ್ಲ ಆ ಎರಡು ಪ್ರಶ್ನೆಗೆ ಇಬ್ಬರೂ ಮತ್ತೆ ಬೇರೆಬೇರೆಯಾಗಿ ನೋಡಬೇಕು. ಬದಲಾವಣೆಯನ್ನು ವರದಿಯಲ್ಲಿ ಹೇಳಬೇಕು. ಇಷ್ಟಕ್ಕೆ ಒಪ್ಪಲು ಅವರಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಒಂದು ವಿಷಯ ಮಾತ್ರ ಉಳಿಯಿತು. ಒಂದು ಪ್ರಯೋಗದಲ್ಲಿ ನಡುವೆ ಸತ್ತ ಮರಿಗಳನ್ನು ಪ್ರಬಂಧದ ಲೇಖಕರು ಎಣಿಕೆಯಿಂದ ಬಿಟ್ಟರೋ ಇಲ್ಲವೋ ಎಂದು ಪಟ್ಟು ಹಿಡಿದು ಜಗಳವಾಡಿದರು. ಬಗೆಹರಿಯಲಿಲ್ಲ.

"ಇದು ಮೂರನೆಯವರಿಗೆ ಹೋಗ್ಬೇಕು" ಅಂದಳು.

"ಗುರುರಾಜ್‌ಗೆ ಕೊಟ್ರೆ ಅರ್ಧ ಮರಿ ಸಾಯಿಸ್ತಾರೆ."

ಇಬ್ಬರೂ ಒಟ್ಟಿಗೆ ನಕ್ಕರು. ನಕ್ಕದ್ದಕ್ಕೆ ಇಬ್ಬರಿಗೂ ಅಸಹ್ಯವಾಗಿ, ಬೇರೆಬೇರೆ ಕಡೆ ನೋಡಿದರು.

ಮಾರನೆಯ ವಾರ ಇಬ್ಬರೂ ಚಿತ್ರದುರ್ಗದಲ್ಲಿ ಗುರುರಾಜರ ಮುಂದೆ ಕೂತರು. ಅಂತಿಮ ಕಾಲಂ ಪೂರ್ತಿ ರದ್ದಾಗಬೇಕು, ಮೂರನೆಯವರು ದೀಪಾ ಆಗಬೇಕು ಎಂದರು. ಗುರುರಾಜ್ ಕೆಂಪಾದರು. "ನಾನು ಶಾಂತಿ ಮಾಡ್ಸೋಕೆ ಹೋದ್ರೆ ನನ್ನ ಮೇಲೇ ಬರ್ತೀರ? ನನ್ನ ಹೆಸರೇ ತೆಗೀರಿ ಹಂಗಾರೆ!"

"ಆಯ್ತು ಸಾರ್" ಅಂದ ಹನುಮೇಶ್, ತಡಮಾಡದೆ.

ಸಂಜೆಯೊಳಗೆ ಅವರಿಂದ ಜಯಶೀಲಾಳಿಗೆ ಸಂದೇಶ ಬಂತು. ಹೆಸರು ಇರಲಿ, ಕೊನೆಯಲ್ಲಾದರೂ ಇರಲಿ ಎಂದು. ಆಕೆ ಅದನ್ನು ಹನುಮೇಶನಿಗೆ ಕಳಿಸಿದಳು. ರಿವ್ಯೂವಿನ ಮೊದಲ ಯೋಜನೆ ಬರೆದವರು ಗುರುರಾಜರೇ ಆದ್ದರಿಂದ ಅವರ ಹೆಸರು ಲೇಖಕರ ಪಟ್ಟಿಯ ಕೊನೆಯಲ್ಲಿ ಉಳಿಯಿತು. ಆದರೆ ಅಂಕಿ ಬಗೆಹರಿಸಿದವರ ಸಾಲಿನಲ್ಲಿ ಇರಲಿಲ್ಲ.

ಸತ್ತ ಮರಿಗಳ ವಿಷಯದಲ್ಲಿ ದೀಪಾ ಯಾರ ಪಕ್ಷವನ್ನೂ ವಹಿಸಲಿಲ್ಲ. ಪ್ರಬಂಧದಲ್ಲಿ ಇಲ್ಲದ್ದನ್ನು ನಾವು ಊಹಿಸುವುದು ಬೇಡ ಎಂದು ಲೇಖಕರಿಗೆ ಇಮೇಲ್ ಬರೆಸಿದಳು. ಎರಡು ಸಲ ಬರೆದರೂ ಉತ್ತರ ಬರಲಿಲ್ಲ. 'ಸ್ಪಷ್ಟವಿಲ್ಲ' ಎಂದು ತುಂಬಿ, ಆ ಪ್ರಯೋಗವನ್ನು ಒಟ್ಟು ಲೆಕ್ಕದಿಂದ ಹೊರಗಿಟ್ಟು ಬರಹದಲ್ಲಿ ಮಾತ್ರ ವಿವರಿಸಿದರು. ಮಂದೆಗಳ ಪ್ರಯೋಗಕ್ಕೆ ಬೇಕಾದ ತಿದ್ದುಪಡಿಯನ್ನೂ ಆಕೆ ಲೆಕ್ಕದಲ್ಲಿ ಮಾಡಿದಳು. ಒಟ್ಟು ಫಲಿತಾಂಶ ಮೊದಲಿಗಿಂತ ಸಪ್ಪೆಯಾಯಿತು. ಔಷಧದ ಲಾಭ ಇತ್ತು, ಆದರೆ ಗುರುರಾಜರ ಕಾಲಂ ತೋರಿಸಿದಷ್ಟಲ್ಲ.

ಮುಂದಿನ ರಿವ್ಯೂಗೆ ಯಾರನ್ನು ಜೊತೆಗೆ ಹಾಕಲಿ ಎಂದು ದೀಪಾ ಹನುಮೇಶನನ್ನು ಕೇಳಿದಳು. ಹೊಸದಾಗಿ ಸೇರಿದ ಯೋಗೇಶ್ ಒಳ್ಳೆಯವನು, ಹೊಂದಿಕೊಳ್ಳುತ್ತಾನೆ ಎಂದಳು.

"ಹೊಂದಿಕೊಳ್ಳೋನು ಬ್ಯಾಡ. ಆ ಯಮ್ಮನ್ನೇ ಹಾಕ್ರಿ" ಅಂದ. "ನನ್ನ ಕಂಡ್ರೆ ಆಗಲ್ಲ ಅವರಿಗೆ."

ದೀಪಾ ಅದನ್ನು ಜಯಶೀಲಾಳಿಗೆ ಹೇಳಿದಾಗ ಆಕೆ ಮುಖ ಸಡಿಲಿಸಲಿಲ್ಲ.

"ಸಾರಾಂಶ ಓದಿ ತುಂಬೋದನ್ನ ಬಿಡ್ತಾರಂತಾ ಕೇಳ್ರಿ ಮೊದ್ಲು" ಅಂದಳು.